ಪಿಕೆಯು ಇರುವ ಮಗುವಿನ ಊಟದ ಲೆಕ್ಕ ಹಾಕುವುದು ಹೇಗೆ?

ಫೀನೈಲ್‌ಕೀಟೋನೂರಿಯಾ, ಚಿಕ್ಕದಾಗಿ ಪಿಕೆಯು, ಇರುವ ಮಗುವಿಗೆ ಒಂದು ಬಟ್ಟಲು ತೊವ್ವೆಯೂ ಜಾಸ್ತಿಯಾಗಬಹುದು. ಬೇಳೆ, ಹಾಲು, ಮೊಟ್ಟೆ, ಇವೆಲ್ಲದರ ಪ್ರೋಟೀನ್‌ನಲ್ಲೂ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲ ಇರುತ್ತದೆ. ಮೈಗೆ ಬೇಕಾಗಿ ಮಿಕ್ಕಿದ್ದನ್ನು ಲಿವರ್‌ನ ಒಂದು ಕಿಣ್ವ ಟೈರೊಸಿನ್ ಆಗಿ ಬದಲಾಯಿಸುತ್ತದೆ. ಪಿಕೆಯುನಲ್ಲಿ ಈ ಕಿಣ್ವ ಕೆಲಸ ಮಾಡುವುದಿಲ್ಲ.

ಆಗ ಫೀನೈಲ್‌ಅಲನೈನ್ ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಮಿದುಳಿಗೆ ಹೋಗಬೇಕಾದ ಬೇರೆ ಅಮೈನೋ ಆಮ್ಲಗಳ ದಾರಿಗೂ ಅಡ್ಡ ಬರುತ್ತದೆ. ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ, ಫಿಟ್ಸ್ ಬರಬಹುದು. ಕೂದಲಿನ ಬಣ್ಣ ಹುಟ್ಟುವುದು ಟೈರೊಸಿನ್‌ನಿಂದ, ಹಾಗಾಗಿ ಕೂದಲು ಕೆಂಚಾಗಬಹುದು. ಮೂತ್ರ, ಬೆವರು ಇಲಿ ವಾಸನೆ ಹೊಡೆಯುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್, ಇಬ್ಬರು ಒಡಹುಟ್ಟಿದ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಕಾಯಿಲೆ ಪತ್ತೆಯಾದದ್ದು ಹಾಗೆ.

ವಾಸನೆ ಬರುವ ತನಕ ಕಾಯಬಾರದು. ಹುಟ್ಟಿ 24 ಗಂಟೆ ಕಳೆದ ಮೇಲೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷೆ ಮಾಡಿಸಬೇಕು. ನಮ್ಮಲ್ಲಿ ಎಲ್ಲ ಆಸ್ಪತ್ರೆಯಲ್ಲೂ ಇದನ್ನು ತಾವಾಗೇ ಮಾಡುವುದಿಲ್ಲ, ನೀವೇ ಕೇಳಿ.

ಕಾಯಿಲೆ ಖಚಿತವಾದರೆ ಮಗು ದಿನಕ್ಕೆ ಎಷ್ಟು ಫೀನೈಲ್‌ಅಲನೈನ್ ತಡೆದುಕೊಳ್ಳುತ್ತದೆ ಎಂದು ವೈದ್ಯರು, ಡಯಟೀಷಿಯನ್ ರಕ್ತ ನೋಡಿ ಹೇಳುತ್ತಾರೆ. 300 ಮಿಲಿಗ್ರಾಂ ಅಂದರು ಅನ್ನಿ. ಒಂದು ಗ್ರಾಂ ಪ್ರೋಟೀನ್‌ನಲ್ಲಿ ಸುಮಾರು 50 ಮಿಲಿಗ್ರಾಂ ಇರುತ್ತದೆ, ಅಂದರೆ ಇಡೀ ದಿನಕ್ಕೆ 6 ಗ್ರಾಂ ಪ್ರೋಟೀನ್ ಅಷ್ಟೇ. 25 ಗ್ರಾಂ ತೊಗರಿಬೇಳೆಯಲ್ಲೇ ಸುಮಾರು ಐದೂವರೆ ಗ್ರಾಂ! ಅದರ ಬದಲು 50 ಗ್ರಾಂ ಅಕ್ಕಿಯ ಅನ್ನ ಕೊಟ್ಟರೆ ಮೂರೂವರೆ ಗ್ರಾಂ ಆಗುತ್ತದೆ. ಉಳಿದ ಎರಡೂವರೆ ಗ್ರಾಂ ತರಕಾರಿ, ಹಣ್ಣಿಗೆ. ಹೊಟ್ಟೆ ತುಂಬಲು ಸಾಬೂದಾನಿ, ತುಪ್ಪ, ಸಕ್ಕರೆ ಇವೆ. ಬೆಳೆಯಲು ಬೇಕಾದ ಪ್ರೋಟೀನ್ ಬರುವುದು ಫೀನೈಲ್‌ಅಲನೈನ್ ತೆಗೆದ, ಟೈರೊಸಿನ್ ಸೇರಿಸಿದ ವಿಶೇಷ ಪುಡಿಯಿಂದ. ಇದು ದುಬಾರಿ, ಆದರೂ ಬಿಡುವಂತಿಲ್ಲ.

ಭಯಪಟ್ಟು ಫೀನೈಲ್‌ಅಲನೈನ್ ಪೂರ್ತಿ ನಿಲ್ಲಿಸುವುದೂ ತಪ್ಪು. ಬೇಕಾದಷ್ಟು ಸಿಗದಿದ್ದರೆ ದೇಹ ತನ್ನದೇ ಸ್ನಾಯು ಕರಗಿಸುತ್ತದೆ, ಆಗ ರಕ್ತದಲ್ಲಿ ಮಟ್ಟ ಏರುತ್ತದೆ. ಜ್ವರ ಬಂದಾಗಲೂ ಹೀಗೇ. ಊಟದಲ್ಲಿ ಏನೂ ಬದಲಾಗದೆ ಮಟ್ಟ ಏರಿದರೆ ಮೊದಲು ಇದನ್ನು ನೋಡಿ. ಸಕ್ಕರೆ ಬದಲಿಗೆ ಹಾಕುವ ಆಸ್ಪರ್ಟೇಮ್‌ನಲ್ಲೂ ಫೀನೈಲ್‌ಅಲನೈನ್ ಇದೆ, ಡಯಟ್ ಪಾನೀಯದ ಲೇಬಲ್ ಓದಿ.

ಇದೇ ಗುಂಪಿನ ಮೇಪಲ್ ಸಿರಪ್ ಕಾಯಿಲೆಯಲ್ಲಿ ಕೈಕೊಡುವ ಕಿಣ್ವವೇ ಬೇರೆ. ಲ್ಯೂಸಿನ್ ಮತ್ತು ಅದರ ಜೊತೆಯ ಎರಡು ಅಮೈನೋ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ. ಪಿಕೆಯು ತಿಂಗಳುಗಟ್ಟಲೆ ಸದ್ದಿಲ್ಲದೆ ಹಾನಿ ಮಾಡಿದರೆ, ಇದರಲ್ಲಿ ಕೆಲವೇ ದಿನಗಳಲ್ಲಿ ಮಗು ಹಾಲು ಬಿಟ್ಟು ಮಂಕಾಗುತ್ತದೆ. ತಕ್ಷಣ ಆಸ್ಪತ್ರೆಗೆ ಓಡಬೇಕು. ಇದರ ಪುಡಿಯೂ ಬೇರೆ, ಪಿಕೆಯು ಡಬ್ಬಿ ಇಲ್ಲಿ ನಡೆಯುವುದಿಲ್ಲ.