ಜಡಿಮಳೆಯಲ್ಲಿ ಕುಂಬಳ, ಸೌತೆ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿದ ನನ್ನ ಅನುಭವ

ಕೊಡಗಿನಲ್ಲಿ ಮೇ ತಿಂಗಳ ಮಳೆಗೆ ಹಿತ್ತಲಲ್ಲಿ ಊರಿದ ಸಿಹಿಗುಂಬಳದ ಬೀಜ ಜುಲೈ ಹೊತ್ತಿಗೆ ಹೂವಿಗೆ ಬರುತ್ತದೆ. ಮಳೆ ಜಡಿ ಹಿಡಿದು ಜೇನು ಗೂಡಿನಿಂದ ಹೊರಗೆ ಕಾಲಿಡದ ಹೊತ್ತೂ ಅದೇ. ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ, ಮಳೆ ಹೆಚ್ಚು ಬೀಳುವ ಜಾಗದಲ್ಲಿ. ಬಳ್ಳಿ ಕಾಫಿ ಗಿಡದ ಮೇಲೆಲ್ಲ ಹಬ್ಬಿ, ಮೊರದಗಲ ಎಲೆ ಬಿಟ್ಟು, ದಿನಾ ಹೂ ಅರಳಿಸುತ್ತಿತ್ತು. ಗೋಲಿ ಗಾತ್ರದ ಹೀಚುಗಳೂ ಕಾಣುತ್ತಿದ್ದವು. ಆದರೆ ಒಂದೂ ನಿಲ್ಲುತ್ತಿರಲಿಲ್ಲ. ಎರಡು ಮೂರು ದಿನಕ್ಕೆ ಹಳದಿ ತಿರುಗಿ, ಮುಟ್ಟಿದರೆ ಕೈಗೆ ಬರುತ್ತಿದ್ದವು. ಪಕ್ಕದ ಹಂದರದ ಸೌತೆಯದೂ ಅದೇ ಪಾಡು.

“ಗೊಬ್ಬರ ಸಾಲದೇನೋ, ಒಂದು ಹಿಡಿ ಯೂರಿಯಾ ಹಾಕಿ ನೋಡಿ” ಅಂದರು ಪಕ್ಕದ ಮನೆಯ ಅಕ್ಕ. ಹೀಚು ಉದುರಿದಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದು. ಎಲೆ ಕಡುಹಸಿರಾಗಿ ಬಳ್ಳಿ ಸೊಕ್ಕಿ ಬೆಳೆಯುತ್ತಿದ್ದರೆ ಯೂರಿಯಾ ಬೇಡವೇ ಬೇಡ. ಅದು ಇನ್ನಷ್ಟು ಎಲೆ, ಇನ್ನಷ್ಟು ಕುಡಿ ಕೊಡುತ್ತದೆಯೇ ಹೊರತು ಕಾಯಿ ಕಚ್ಚಿಸುವುದಿಲ್ಲ. ನಾನು ಮೊದಲು ಮಾಡಿದ್ದು ಉದುರಿದ ಹೀಚುಗಳನ್ನು ಆಯ್ದು ತಂದು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡುವುದು. ಹಣ್ಣುನೊಣ ಚುಚ್ಚಿದ್ದರೆ ಸಿಪ್ಪೆಯ ಮೇಲೆ ಸೂಜಿ ಮೊನೆಯಷ್ಟು ತೂತು, ಅದರಿಂದ ಒಸರಿದ ಅಂಟು, ಒಳಗೆ ಬಿಳಿ ಹುಳು ಇರುತ್ತವೆ. ನನ್ನ ಹೀಚುಗಳಲ್ಲಿ ಇದೇನೂ ಇರಲಿಲ್ಲ. ಒಳಗೆ ಸ್ವಚ್ಛ. ಹೂವಿದ್ದ ತುದಿಯಿಂದ ಹಳದಿ ಶುರುವಾಗಿ ತೊಟ್ಟಿನ ಕಡೆಗೆ ಏರಿತ್ತು, ಕಾಯಿ ಒಂದಿಷ್ಟೂ ಹಿಗ್ಗಿರಲಿಲ್ಲ. ಪರಾಗ ಸೇರದ ಹೀಚು ಹೀಗೇ ಇರುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕುಂಬಳದ ಹೆಣ್ಣು ಹೂವಿನ ಬುಡದಲ್ಲಿ ಕಾಣುವ ಪುಟ್ಟ ಉಂಡೆಯನ್ನು ನೋಡಿ ಕಾಯಿ ಕಚ್ಚಿತು ಅಂದುಕೊಳ್ಳುತ್ತೇವೆ. ಹೂ ಅರಳುವ ಮೊದಲೇ ಆ ಉಂಡೆ ಇರುತ್ತದೆ, ಮೊಗ್ಗಿನ ಜೊತೆಗೇ ಬಂದದ್ದು. ಗಂಡು ಹೂವಿನ ಪರಾಗ ಹೆಣ್ಣು ಹೂವಿನ ನಡುವಿನ ಅಂಟಂಟಾದ ಮುಡಿಗೆ ತಾಗಿ, ಬೀಜ ಕಟ್ಟಲು ಶುರುವಾದರೆ ಮಾತ್ರ ಬಳ್ಳಿ ಅದಕ್ಕೆ ಆಹಾರ ಹರಿಸುತ್ತದೆ. ಇಲ್ಲದಿದ್ದರೆ ಬಿಟ್ಟುಬಿಡುತ್ತದೆ. ಕುಂಬಳದ ಪರಾಗದ ಕಣ ದಪ್ಪ, ಜಿಗುಟು. ಗಾಳಿಗೆ ಹಾರಿ ಹೋಗುವಂಥದ್ದಲ್ಲ, ಜೇನೋ ದುಂಬಿಯೋ ಮೈಗೆ ಮೆತ್ತಿಕೊಂಡೇ ಒಯ್ಯಬೇಕು. ನಮ್ಮ ತುಡುವೆ ಜೇನು ಮಳೆಯಲ್ಲೂ ಚಳಿಯಲ್ಲೂ ಹೊರಡುವುದಿಲ್ಲ. ಹೂವೋ ಬೆಳಗಿನ ಜಾವಕ್ಕೆ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡಿ ಮುಗಿದೇ ಹೋಗುತ್ತದೆ. ಅದಕ್ಕೆ ಎರಡನೇ ದಿನ ಇಲ್ಲ.

ಆದ್ದರಿಂದ ಕೈಯಿಂದಲೇ ಮುಟ್ಟಿಸಲು ಹೊರಟೆ. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒರೆಸುವುದು ಬಯಲುಸೀಮೆಯಲ್ಲಿ ಸಾಕಾಗುತ್ತದೆ. ನಮ್ಮಲ್ಲಿ ಹೂ ಅರಳುವ ಹೊತ್ತಿಗೇ ಅದರ ಬಟ್ಟಲಿನಲ್ಲಿ ಮಳೆನೀರು ನಿಂತಿರುತ್ತದೆ. ಪರಾಗಕ್ಕೆ ನೀರು ಸೋಕಿದರೆ ಕಣಗಳು ನೀರು ಕುಡಿದು ಒಡೆಯುತ್ತವೆ, ಆಮೇಲೆ ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ. ಹಾಗಾಗಿ ನಮ್ಮ ಮಳೆಗಾಲದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಹೂವನ್ನು ಒಣಗಿರುವಂತೆ ಕಾಯುವುದೇ. ಕೆಲಸ ಶುರುವಾಗುವುದು ಹಿಂದಿನ ಸಂಜೆ.

ಸಂಜೆ ಐದರ ಹೊತ್ತಿಗೆ ಬಳ್ಳಿಯ ಬುಡದಿಂದ ಕುಡಿಯವರೆಗೆ ನೋಡಿಕೊಂಡು ಹೋಗುತ್ತೇನೆ. ಮರುದಿನ ಅರಳುವ ಮೊಗ್ಗು ಗೊತ್ತಾಗುತ್ತದೆ. ಇನ್ನೂ ಸಮಯ ಇರುವ ಮೊಗ್ಗು ಹಸಿರು ಬೆರೆತು ಬಿಗಿಯಾಗಿರುತ್ತದೆ, ನಾಳೆಯದು ಉದ್ದವಾಗಿ, ತುದಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ, ಸ್ವಲ್ಪ ಸಡಿಲವಾಗಿರುತ್ತದೆ. ಹೆಣ್ಣು ಮೊಗ್ಗು ಸಿಕ್ಕರೆ ಅದರ ತುದಿಗೆ ಹತ್ತಿಯ ದಾರ ಸುತ್ತಿ, ತಾನೇ ಅರಳದಂತೆ ಮೆತ್ತಗೆ ಕಟ್ಟುತ್ತೇನೆ. ಮೇಲಿಂದ ಒಂದು ತುಂಡು ಅಡಿಕೆ ಹಾಳೆಯನ್ನು ಮಾಡಿನಂತೆ ಮಡಚಿ, ಎರಡು ಕಡ್ಡಿ ಚುಚ್ಚಿ ನಿಲ್ಲಿಸುತ್ತೇನೆ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರಿ ಹೂ ಒದ್ದೆಯಾಗುತ್ತದೆ, ಅದು ಬೇಡ.

ಗಂಡು ಮೊಗ್ಗುಗಳನ್ನು ಬಳ್ಳಿಯಲ್ಲೇ ಬಿಡುವುದಿಲ್ಲ. ಉದ್ದ ತೊಟ್ಟಿನ ಸಮೇತ ಎರಡು ಮೂರು ಕತ್ತರಿಸಿ ತಂದು, ತೊಟ್ಟು ಮಾತ್ರ ಮುಳುಗುವಷ್ಟು ನೀರಿರುವ ಲೋಟದಲ್ಲಿ ನಿಲ್ಲಿಸಿ ಅಡುಗೆಮನೆಯ ಕಟ್ಟೆ ಮೇಲೆ ಇಡುತ್ತೇನೆ. ಬೆಳಿಗ್ಗೆ ಅವು ಒಳಗೇ ಅರಳಿರುತ್ತವೆ, ಒಂದು ಹನಿ ಮಳೆ ಸೋಕದೆ. ಈ ಒಂದು ಬದಲಾವಣೆಯಿಂದಲೇ ನನ್ನ ಹಿತ್ತಲಲ್ಲಿ ಕಾಯಿ ನಿಲ್ಲಲು ಶುರುವಾದದ್ದು. ಮಂಜು ಮುಸುಕಿದ ತಂಪು ಬೆಳಗುಗಳಲ್ಲಿ ಹೊರಗಿನ ಗಂಡು ಹೂ ಅರಳಿದರೂ ಪರಾಗ ಬಿಡಲು ತಡ ಮಾಡುತ್ತದೆ. ಒಲೆ ಉರಿಯುವ ಅಡುಗೆಮನೆಯ ಬೆಚ್ಚಗೆಯಲ್ಲಿ ಆ ತೊಂದರೆ ಕಡಿಮೆ. ನೋಡುವುದು ಸುಲಭ: ಹೂವಿನ ನಡುವಿನ ದಿಂಡಿಗೆ ಬೆರಳ ತುದಿ ತಾಗಿಸಿದರೆ ಹಳದಿ ಪುಡಿ ಬೆರಳಿಗೆ ಮೆತ್ತಬೇಕು. ಬೆರಳು ಬರಿದಾಗಿ ಬಂದರೆ ಇನ್ನೂ ಅರ್ಧ ಗಂಟೆ ಕಾಯುತ್ತೇನೆ.

ಹೀಗೆ ಮಾಡಿದ ಒಂದು ಹೂವಿನ ಕಥೆ ಹೇಳುತ್ತೇನೆ. ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆ ಏಳಕ್ಕೆ ಸೋನೆಯಾಗಿತ್ತು. ಲೋಟದಿಂದ ಎರಡು ಗಂಡು ಹೂ ತೆಗೆದು, ಎಸಳುಗಳನ್ನು ಪೂರ್ತಿ ಹರಿದು, ದಿಂಡು ಮಾತ್ರ ಉಳಿಸಿಕೊಂಡೆ. ಮಗಳು ಕೊಡೆ ಹಿಡಿದಳು. ಹಾಳೆ ಸರಿಸಿ, ದಾರ ಬಿಚ್ಚಿ, ಹೆಣ್ಣು ಹೂವಿನ ಎಸಳು ಅಗಲಿಸಿದೆ. ಒಳಗೆ ಒಣಗಿತ್ತು. ನಡುವಿನ ಮುಡಿ ಮೂರು ಹೋಳಾಗಿ, ಪ್ರತಿ ಹೋಳೂ ಮತ್ತೆ ಎರಡಾಗಿ ಸೀಳಿದಂತೆ ಕಾಣುತ್ತದೆ. ದಿಂಡನ್ನು ಒಂದೊಂದು ಹೋಳಿಗೂ ತಾಗಿಸಿ, ಒತ್ತದೆ, ಸುತ್ತ ಉರುಳಿಸಿದೆ. ಮುಡಿಯ ಮೇಲೆ ಹಳದಿ ಪುಡಿ ಕೂತದ್ದು ಕಣ್ಣಿಗೇ ಕಾಣಿಸಿತು. ಎರಡನೇ ಗಂಡು ಹೂವಿನಿಂದಲೂ ಹಾಗೇ ಮಾಡಿದೆ. ಒಂದು ಹೋಳು ಬಿಟ್ಟರೆ ಆ ಬದಿಯಲ್ಲಿ ಬೀಜ ಸರಿಯಾಗಿ ಕಟ್ಟದೆ ಕಾಯಿ ಸೊಟ್ಟಗಾಗುತ್ತದೆ, ಹಾಗಾಗಿ ಇಲ್ಲಿ ಅವಸರ ಕೂಡದು. ಮತ್ತೆ ಎಸಳು ಮುಚ್ಚಿ, ದಾರ ಕಟ್ಟಿ, ಹಾಳೆ ಹೊದಿಸಿದೆ. ತೊಟ್ಟಿಗೆ ಗುರುತಿಗೆ ಒಂದು ಕೆಂಪು ದಾರ.

ಅದೇ ಬಳ್ಳಿಯಲ್ಲಿ ಅಂದೇ ಅರಳಿದ ಇನ್ನೊಂದು ಹೆಣ್ಣು ಹೂವಿಗೆ ಹಾಳೆ ಹೊದಿಸಿದ್ದೆ, ಪರಾಗ ಮಾತ್ರ ಮುಟ್ಟಿಸಲಿಲ್ಲ. ಅದಕ್ಕೆ ಬಿಳಿ ದಾರ. ಹೀಚು ಉದುರುವುದಕ್ಕೆ ಕಾರಣ ಪರಾಗವೋ, ಬೇರೇನೋ ಎಂದು ಅನುಮಾನ ಇದ್ದವರು ಇದೊಂದು ಪರೀಕ್ಷೆ ಮಾಡಲೇಬೇಕು. ಬಿಳಿ ದಾರದ್ದು ಮೂರನೇ ದಿನಕ್ಕೆ ತುದಿಯಲ್ಲಿ ಹಳದಿಯಾಯಿತು. ಕೆಂಪು ದಾರದ್ದು ಹಸಿರು ಹೊಳಪು ಏರಿಸಿಕೊಂಡು, ತೊಟ್ಟು ದಪ್ಪಗಾಗಿ, ಕೆಳಮುಖ ಬಾಗಿತು. ವಾರಕ್ಕೆ ಮುಷ್ಟಿಗಿಂತ ದೊಡ್ಡದಾಗಿತ್ತು. ಎರಡೂ ಉದುರಿದ್ದರೆ ಪರಾಗ ಬಿಟ್ಟು ಬೇರು, ನೀರು, ರೋಗದ ಕಡೆ ಹುಡುಕಬೇಕಾಗುತ್ತಿತ್ತು.

ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಬಾಡಿದ ಎಸಳು ಒದ್ದೆಯಾಗಿ ಕಾಯಿಯ ತುದಿಗೆ ಅಂಟಿಕೊಂಡರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಹತ್ತಿರದಿಂದ ನೋಡಿದರೆ ಕೂದಲಂಥ ಎಳೆಗಳು, ತುದಿಯಲ್ಲಿ ಸೂಜಿ ತಲೆಯಷ್ಟು ಕಪ್ಪು ಚುಕ್ಕೆ. ಅದು ಬೂಸ್ಟು. ಪರಾಗ ಸರಿಯಾಗಿ ಸೇರಿದ ಹೀಚನ್ನೂ ಅದು ಬೀಳಿಸುತ್ತದೆ. ಅದಕ್ಕೇ ಎರಡನೇ ದಿನ ದಾರ ಬಿಚ್ಚಿ, ಎಸಳು ತಾನಾಗಿ ಸಡಿಲವಾಗಿದ್ದರೆ ಮೆಲ್ಲಗೆ ತೆಗೆದುಬಿಡುತ್ತೇನೆ. ಬಿಗಿಯಾಗಿದ್ದರೆ ಎಳೆಯದೆ ಇನ್ನೊಂದು ದಿನ ಬಿಡುತ್ತೇನೆ. ಕಾಯಿ ನೆಲಕ್ಕೆ ತಾಗದಂತೆ ಅಡಿಗೆ ಒಂದು ತೆಂಗಿನ ಚಿಪ್ಪು ಬೋರಲು ಹಾಕುತ್ತೇನೆ.

ಸೌತೆಗೆ ವಿಧಾನ ಅದೇ, ಕೈ ಮಾತ್ರ ಇನ್ನೂ ಹಗುರ ಬೇಕು. ಗಂಡು ಹೂ ಗೆಣ್ಣಿನಲ್ಲಿ ಗೊಂಚಲಾಗಿ ಬರುತ್ತವೆ, ಹೆಣ್ಣು ಹೂವಿನ ಹಿಂದೆ ಮುಳ್ಳು ಮುಳ್ಳಾದ ಪುಟ್ಟ ಸೌತೆ ಇರುತ್ತದೆ. ಹೂ ಚಿಕ್ಕದು, ಪರಾಗವೂ ಕಡಿಮೆ. ಒಂದು ಹೆಣ್ಣು ಹೂವಿಗೆ ಎರಡು ಮೂರು ಗಂಡು ಹೂ ಬಳಸುತ್ತೇನೆ. ಮಕ್ಕಳು ಬಣ್ಣ ಬಳಿಯುವ ಸಣ್ಣ ಮೆತ್ತನೆ ಕುಂಚ ಒಣಗಿದ್ದರೆ ಅದರಿಂದಲೂ ಆಗುತ್ತದೆ, ಒದ್ದೆ ಕುಂಚದಿಂದ ಆಗದು. ಸೌತೆಗೆ ಜೇನು ಹಲವು ಸಲ ಬಂದು ಹೋದರೇನೇ ಕಾಯಿ ನೇರ ಬರುವುದು, ಹಾಗಾಗಿ ಅದೇ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮುಟ್ಟಿಸುತ್ತೇನೆ. ಒಂದು ತುದಿ ಸಣ್ಣಗಾಗಿ ಇನ್ನೊಂದು ಉಬ್ಬಿದರೆ ಪರಾಗ ಸಾಲದೆ ಹೋಗಿರುವ ಸಾಧ್ಯತೆ ಹೆಚ್ಚು, ಬೇಸಿಗೆಯಲ್ಲಾದರೆ ನೀರಿನ ಕೊರತೆಯಿಂದಲೂ ಹಾಗಾಗುತ್ತದೆ. ಪಾಲಿಹೌಸಿನ ಬೀಜವಿಲ್ಲದ ಸೌತೆ ತಳಿ ತಂದಿದ್ದರೆ ಕೈ ಹಾಕಬೇಡಿ. ಅದು ಪರಾಗವಿಲ್ಲದೆಯೇ ಕಾಯಿ ಬಿಡುತ್ತದೆ. ಬೀಜದ ಪೊಟ್ಟಣದ ಮೇಲೆ ಬರೆದಿರುತ್ತಾರೆ, ಓದಿ ನೋಡಿ.

ಸಿಹಿಗುಂಬಳದ ಹೆಣ್ಣು ಹೂ ಸಿಕ್ಕ ದಿನ ಗಂಡು ಹೂ ಸಿಗದೆ ಬೂದುಗುಂಬಳದ ಹೂ ತಂದು ಒರೆಸುವವರನ್ನು ನೋಡಿದ್ದೇನೆ. ಎರಡೂ ಹಳದಿಯೇ, ಹೆಸರಲ್ಲೂ ಕುಂಬಳ ಇದೆ, ಆದರೆ ಗಿಡದ ಜಾತಿಯೇ ಬೇರೆ, ಕಾಯಿ ಕಚ್ಚುವುದಿಲ್ಲ. ಸೌತೆಯದೂ ಆಗದು. ನೆರೆಮನೆಯವರ ಸಿಹಿಗುಂಬಳದ ಗಂಡು ಹೂ ಆದರೆ ಧಾರಾಳವಾಗಿ ಆಗುತ್ತದೆ. ಪಕ್ಕದ ಮನೆ ಅಕ್ಕನಿಂದ ನಾನು ಎಷ್ಟೋ ಸಲ ಸಂಜೆ ಮೊಗ್ಗು ಕೇಳಿ ತಂದಿದ್ದೇನೆ.

ಒಂದು ಬಳ್ಳಿಯಲ್ಲಿ ಎರಡು ಮೂರು ಕಾಯಿ ಬಲಿಯುತ್ತಿರುವಾಗ ಹೊಸ ಹೀಚಿಗೆ ಎಷ್ಟು ಚೆನ್ನಾಗಿ ಪರಾಗ ಹಾಕಿದರೂ ಬಳ್ಳಿ ಅದನ್ನು ಉದುರಿಸಬಹುದು. ಅದು ತಾಕತ್ತಿಗೆ ತಕ್ಕಷ್ಟು ಇಟ್ಟುಕೊಳ್ಳುತ್ತದೆ. ಆಗ ನಾನು ದಾರ ಕಟ್ಟುವುದನ್ನು ನಿಲ್ಲಿಸಿ ಇರುವ ಕಾಯಿಗಳ ಆರೈಕೆ ಮಾಡುತ್ತೇನೆ. ಸೆಪ್ಟೆಂಬರ್ ಮೊದಲಿಗೆ ಬರುವ ನಮ್ಮ ಕೈಲ್ ಪೊಳ್ದ್ ಹಬ್ಬ ಕಳೆದು ಮಳೆ ಬಿಡುವು ಕೊಟ್ಟ ಮೇಲೆ, ಬೆಳಿಗ್ಗೆ ಏಳರಿಂದ ಎಂಟರ ನಡುವೆ ಒಂದು ಹೆಣ್ಣು ಹೂವಿನ ಹತ್ತಿರ ಕಾಲು ಗಂಟೆ ನಿಂತು ನೋಡುತ್ತೇನೆ. ತುಡುವೆ ಮತ್ತೆ ಮತ್ತೆ ಬಂದು ಕೂರುತ್ತಿದ್ದರೆ ಲೋಟ, ದಾರ, ಹಾಳೆ ಎಲ್ಲ ಎತ್ತಿಡಬಹುದು.