ಇಳಿತಗಳನ್ನು ಎಣಿಸುತ್ತ ಸ್ಕಿಪ್ಪಿಂಗ್ ಕಲಿತದ್ದು: ನನ್ನ ಅನುಭವ

ನಾನು ಸ್ಕಿಪ್ಪಿಂಗ್ ಹಗ್ಗವನ್ನು ಎರಡು ಬಾರಿ ಕೈಗೆತ್ತಿಕೊಂಡೆ. ಮೊದಲ ಬಾರಿ ಹನ್ನೊಂದನೆಯ ದಿನಕ್ಕೆ ನಿಲ್ಲಿಸಬೇಕಾಯಿತು. ಎರಡನೆಯ ಬಾರಿ ಆರಂಭಿಸಿದ್ದು ಇಂದಿಗೂ ನಡೆದಿದೆ. ಎರಡರ ನಡುವಿನ ವ್ಯತ್ಯಾಸವನ್ನು ಹೊಸದಾಗಿ ಆರಂಭಿಸುವವರಿಗೆ ವಿವರವಾಗಿ ಹೇಳಬೇಕೆನಿಸಿದೆ. ಏಕೆಂದರೆ ನಾನು ಮಾಡಿದ ತಪ್ಪು ಮೇಲ್ನೋಟಕ್ಕೆ ತಪ್ಪಿನಂತೆ ಕಾಣುವುದೇ ಇಲ್ಲ.

ಮೊದಲ ಬಾರಿ ನನ್ನ ಕ್ರಮ ಬಹಳ ಸರಳವಾಗಿತ್ತು: ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ. ಹಗ್ಗ ಕಾಲಿಗೆ ಸಿಕ್ಕಿಕೊಂಡಾಗಲೆಲ್ಲ ಬಿಡಿಸಿಕೊಂಡು ಮತ್ತೆ ಹಾರುತ್ತಿದ್ದೆ. ಮೊದಲ ವಾರ ಏದುಸಿರು ಬರುತ್ತಿತ್ತು, ಎರಡನೆಯ ವಾರಕ್ಕೆ ಅದು ಕಡಿಮೆಯಾಗತೊಡಗಿತು. ಇದನ್ನೇ ಪ್ರಗತಿಯೆಂದು ತಿಳಿದೆ. ಆದರೆ ಹನ್ನೊಂದನೆಯ ದಿನ ಮೆಟ್ಟಿಲು ಇಳಿಯುವಾಗ ಎಡಗಾಲಿನ ಮುಂಭಾಗದ ಮೂಳೆಯ ಒಳಬದಿಯಲ್ಲಿ, ಪಾದದ ಕೀಲಿಗಿಂತ ಒಂದು ಗೇಣು ಮೇಲೆ, ಮಂದವಾದ ನೋವು ಕಾಣಿಸಿತು. ಹಾರಲು ಆರಂಭಿಸಿದಾಗ ಹೆಚ್ಚು, ಮೈ ಬಿಸಿಯೇರಿದ ಮೇಲೆ ಕಡಿಮೆ, ನಿಲ್ಲಿಸಿದ ಮೇಲೆ ಮತ್ತೆ ಹೆಚ್ಚು: ನೋವು ಹೀಗೆ ಬಂದು ಹೋಗುತ್ತಿತ್ತು.

ನನ್ನನ್ನು ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ಮೂಳೆಯ ಒಳ ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಸುಮಾರು ನಾಲ್ಕು ಬೆರಳಗಲದಷ್ಟು ಉದ್ದಕ್ಕೆ ನೋವು ಹರಡಿತ್ತು. ಹೀಗೆ ಹರಡಿಕೊಂಡ ನೋವು ಸಾಮಾನ್ಯವಾಗಿ ಶಿನ್ ಸ್ಪ್ಲಿಂಟ್ ಎನ್ನುವ ತೊಂದರೆಯ ಲಕ್ಷಣವೆಂದೂ, ಬೆರಳ ತುದಿಯಿಂದ ತೋರಿಸಬಹುದಾದ ಒಂದೇ ಚುಕ್ಕೆಯಲ್ಲಿ ನೋವಿದ್ದರೆ ಅಥವಾ ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಒತ್ತಡದ ಬಿರುಕು ಬಿಟ್ಟಿರುವ ಶಂಕೆಯಿಂದ ವೈದ್ಯರ ಬಳಿ ಕಳುಹಿಸುತ್ತಿದ್ದೆನೆಂದೂ ಅವರು ವಿವರಿಸಿದರು. ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ಇಡೀ ಅಭ್ಯಾಸವನ್ನೇ ಬದಲಿಸಿತು: "ದಿನಕ್ಕೆ ಎಷ್ಟು ಸಲ ನೆಲಕ್ಕೆ ಇಳಿಯುತ್ತೀರಿ?"

ನನಗೆ ನಿಮಿಷಗಳ ಲೆಕ್ಕ ಗೊತ್ತಿತ್ತು, ಇಳಿತಗಳ ಲೆಕ್ಕ ಗೊತ್ತಿರಲಿಲ್ಲ. ಮನೆಗೆ ಬಂದು, ಹಿಂದೊಮ್ಮೆ ತೆಗೆದಿದ್ದ ನನ್ನದೇ ವಿಡಿಯೊ ನೋಡಿ ಎಣಿಸಿದೆ. ಹಗ್ಗ ನಿಮಿಷಕ್ಕೆ ಸುಮಾರು 65 ಸುತ್ತು ತಿರುಗುತ್ತಿತ್ತು. ಆದರೆ ಹಗ್ಗ ತಲೆಯ ಮೇಲಿರುವಾಗ ನಾನು ಇನ್ನೊಂದು ಪುಟ್ಟ ನೆಗೆತ ಸೇರಿಸುತ್ತಿದ್ದೆ. ಹೊಸಬರಲ್ಲಿ ಬಹುಪಾಲು ಜನರಿಗೆ ಈ ಅಭ್ಯಾಸವಿರುತ್ತದೆ, ಏಕೆಂದರೆ ಹಗ್ಗ ನಿಧಾನವಾಗಿ ತಿರುಗಿದಾಗ ಲಯ ಕಾಯ್ದುಕೊಳ್ಳಲು ಕಾಲುಗಳು ತಾವಾಗಿಯೇ ಆ ಬಿಡುವನ್ನು ತುಂಬಿಕೊಳ್ಳುತ್ತವೆ. ಹಾಗಾಗಿ ನಿಮಿಷಕ್ಕೆ 130 ಇಳಿತ. ತೊಡರುವ ಸಮಯ ಕಳೆದು ಎಂಟು ನಿಮಿಷ ಎಂದುಕೊಂಡರೂ ದಿನಕ್ಕೆ ಸಾವಿರಕ್ಕೂ ಹೆಚ್ಚು. ಅಲ್ಲಿಯವರೆಗೆ ನಡಿಗೆಯನ್ನು ಬಿಟ್ಟು ಬೇರೇನನ್ನೂ ಮಾಡದಿದ್ದ ಕಾಲುಗಳ ಮೇಲೆ ಹನ್ನೊಂದು ದಿನಗಳಲ್ಲಿ, ಒಂದು ದಿನವೂ ಬಿಡುವಿಲ್ಲದೆ, ಹನ್ನೊಂದು ಸಾವಿರ ಹೊಡೆತಗಳು ಬಿದ್ದಿದ್ದವು. ಉಸಿರಾಟ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ; ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಏದುಸಿರು ಕಡಿಮೆಯಾಯಿತೆಂದು ನಾನು ಸಂತೋಷಪಟ್ಟ ಹೊತ್ತಿಗೇ ಮೂಳೆ ತನ್ನ ಮಿತಿಯನ್ನು ಮುಟ್ಟಿತ್ತು.

ಮೂರು ವಾರ ಹಗ್ಗವನ್ನು ಮುಟ್ಟಲಿಲ್ಲ. ಆ ಅವಧಿಯಲ್ಲಿ ಮಾಡಿದ್ದು ಮೀನಖಂಡದ ವ್ಯಾಯಾಮ ಮಾತ್ರ. ಗೋಡೆಗೆ ಬೆರಳು ತಾಗಿಸಿ ನಿಂತು ಎರಡೂ ಹಿಮ್ಮಡಿಗಳನ್ನು ಎತ್ತಿ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿಸುವುದು; ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಇದನ್ನು ಮೊಣಕಾಲು ನೇರವಾಗಿಟ್ಟು ಒಮ್ಮೆ, ಸ್ವಲ್ಪ ಬಾಗಿಸಿ ಇನ್ನೊಮ್ಮೆ ಮಾಡಬೇಕು. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಮೇಲಿನದು ಮೊಣಕಾಲಿನ ಕೀಲನ್ನು ದಾಟಿ ಹೋಗುವುದರಿಂದ ಮೊಣಕಾಲು ಬಾಗಿದಾಗ ಸಡಿಲವಾಗುತ್ತದೆ. ಆಗ ಅದರ ಅಡಿಯಲ್ಲಿರುವ ಸೋಲಿಯಸ್ ಸ್ನಾಯುವಿನ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಹಾರುವಾಗ ಮೊಣಕಾಲು ಸದಾ ತುಸು ಬಾಗಿಯೇ ಇರುವುದರಿಂದ ಈ ಎರಡನೆಯ ಕ್ರಮವನ್ನು ಬಿಡಬಾರದು. ಮೂರನೆಯ ವಾರದ ಕೊನೆಯಲ್ಲಿ ಒಂಟಿ ಕಾಲಿನಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಲು ಸಾಧ್ಯವಾಯಿತು, ಮೂಳೆಯನ್ನು ಒತ್ತಿದರೆ ನೋಯುತ್ತಿರಲಿಲ್ಲ, ಹಗ್ಗವಿಲ್ಲದೆ ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿರಲಿಲ್ಲ. ಅದಾದ ಮೇಲೆಯೇ ಹಗ್ಗ ಹಿಡಿದೆ.

ಹಗ್ಗದ ಉದ್ದವನ್ನೂ ಆಗಲೇ ಸರಿಪಡಿಸಿದೆ. ಹಗ್ಗದ ನಡುವನ್ನು ಒಂದು ಪಾದದಿಂದ ಮೆಟ್ಟಿ ಎರಡೂ ತುದಿಗಳನ್ನು ಮೇಲಕ್ಕೆಳೆದಾಗ ಹಿಡಿಗಳ ತುದಿ ಕಂಕುಳಿನ ಮಟ್ಟಕ್ಕೆ ಬಂದರೆ ಹೊಸಬರಿಗೆ ಸಾಕು. ತೆಳುವಾದ ಉಕ್ಕಿನ ತಂತಿಯ ಹಗ್ಗವನ್ನು ಬದಿಗಿಟ್ಟು ಮಣಿ ಪೋಣಿಸಿದ ಹಗ್ಗ ತಂದೆ. ಅದಕ್ಕೆ ತೂಕವಿರುವುದರಿಂದ ಸದ್ಯ ಹಗ್ಗ ಎಲ್ಲಿದೆಯೆಂದು ಕೈಗೆ ತಿಳಿಯುತ್ತದೆ, ನೆಲಕ್ಕೆ ತಾಗಿದ ಸದ್ದು ಲಯವನ್ನು ಹೇಳಿಕೊಡುತ್ತದೆ. ಕಾಂಕ್ರೀಟ್ ನೆಲವನ್ನು ಬಿಟ್ಟು, ಗಟ್ಟಿಯಾದ ರಬ್ಬರ್ ಹಾಸಿನ ಮೇಲೆ ಹಾರತೊಡಗಿದೆ. ಪಾದ ಹೂತುಹೋಗುವಷ್ಟು ಮೆತ್ತಗಿನ ಹಾಸು ಬೇಡ, ಅದರ ಮೇಲೆ ಪಾದ ಅಲುಗಾಡಿ ಮೀನಖಂಡ ಇನ್ನಷ್ಟು ದಣಿಯುತ್ತದೆ.

ಕೌಶಲದ ಅಭ್ಯಾಸವನ್ನು ಮೂರು ಹಂತಗಳಲ್ಲಿ ಮಾಡಿದೆ. ಮೊದಲು ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದು ಹಗ್ಗವನ್ನು ಪಕ್ಕದಲ್ಲಿ ತಿರುಗಿಸುತ್ತ, ಅದು ನೆಲಕ್ಕೆ ತಾಗಿದಾಗಲೆಲ್ಲ ಪುಟ್ಟದಾಗಿ ಹಾರುವುದು. ಇದರಲ್ಲಿ ತೊಡರುವ ಭಯವಿಲ್ಲದ್ದರಿಂದ ಗಮನವೆಲ್ಲ ಪಾದಗಳ ಮೇಲಿರುತ್ತದೆ: ಅಂಗಾಲಿನ ಮುಂಭಾಗದಲ್ಲಿ ಇಳಿಯುವುದು, ಹಿಮ್ಮಡಿ ನೆಲವನ್ನು ಹಗುರವಾಗಿ ಸೋಕಬಹುದು ಆದರೆ ಬಡಿಯಬಾರದು, ಎತ್ತರ ಎರಡು ಮೂರು ಸೆಂಟಿಮೀಟರ್ ಮೀರಬಾರದು. ಹಗ್ಗದ ದಪ್ಪ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುವಾಗ ಅದಕ್ಕಿಂತ ಎತ್ತರ ಏಕೆ ಬೇಕು? ಎರಡನೆಯ ಹಂತದಲ್ಲಿ ಹಗ್ಗವನ್ನು ಒಂದೇ ಒಂದು ಸುತ್ತು ದಾಟಿ ನಿಲ್ಲುವುದು. ಅದು ಐದು ಸಲ ತಪ್ಪಿಲ್ಲದೆ ಬಂದರೆ ಎರಡು ಸುತ್ತು, ಆಮೇಲೆ ನಾಲ್ಕು. ಪುಟ್ಟ ಎರಡನೆಯ ನೆಗೆತವನ್ನು ನಾನು ಕಳೆದುಕೊಂಡಿದ್ದು ಇಲ್ಲಿಯೇ. ಹಗ್ಗವನ್ನು ನಿಮಿಷಕ್ಕೆ ಸುಮಾರು 120 ಸುತ್ತಿನ ವೇಗಕ್ಕೆ ತಂದಾಗ ನಡುವೆ ಹಾರಲು ಸಮಯವೇ ಉಳಿಯುವುದಿಲ್ಲ. ನಿಧಾನವೇ ಸುಲಭವೆಂದು ತಿಳಿದಿದ್ದ ನನಗೆ, ಸ್ವಲ್ಪ ವೇಗವಾದ ಲಯವೇ ಕಾಲಿಗೆ ಹಗುರವೆಂದು ತಿಳಿಯಲು ಇಷ್ಟು ಕಾಲ ಹಿಡಿಯಿತು.

ಮೂರನೆಯ ಹಂತ ಕೈಗಳದ್ದು. ನನ್ನ ವಿಡಿಯೊದಲ್ಲಿ ಇನ್ನೊಂದು ಸಂಗತಿ ಕಂಡಿತ್ತು: ಅರ್ಧ ನಿಮಿಷ ಕಳೆಯುವ ಹೊತ್ತಿಗೆ ಮೊಣಕೈಗಳು ಪಕ್ಕೆಯಿಂದ ದೂರ ಸರಿದು ಕೈಗಳು ಅಗಲವಾಗುತ್ತಿದ್ದವು. ಕೈ ಅಗಲವಾದಷ್ಟೂ ಹಗ್ಗ ಮೇಲಕ್ಕೇರಿ ಚಿಕ್ಕದಾಗುತ್ತದೆ. ಅದನ್ನು ದಾಟಲು ಮೈ ತಾನಾಗಿಯೇ ಎತ್ತರಕ್ಕೆ ಹಾರುತ್ತದೆ, ಎತ್ತರ ಹೆಚ್ಚಿದಷ್ಟೂ ಇಳಿತದ ಹೊಡೆತ ಹೆಚ್ಚುತ್ತದೆ. ಅಂದರೆ ಮೂಳೆಯ ನೋವಿನ ಒಂದು ಬೇರು ದಣಿದ ಭುಜದಲ್ಲಿತ್ತು. ಪರಿಹಾರವಾಗಿ ಎರಡೂ ಕಂಕುಳುಗಳಲ್ಲಿ ಮಡಿಸಿದ ಚಿಕ್ಕ ಟವೆಲ್ ಇರಿಸಿಕೊಂಡು, ಅದು ಬೀಳದಂತೆ ಮಣಿಕಟ್ಟಿನಿಂದಲೇ ಹಗ್ಗ ತಿರುಗಿಸುವ ಅಭ್ಯಾಸ ಮಾಡಿದೆ. ಹಾಸಿನ ಮೇಲೆ ಟೇಪಿನಿಂದ ಅಡ್ಡಗೆರೆಯೊಂದನ್ನೂ ಅಂಟಿಸಿದೆ. ಸುತ್ತು ಮುಗಿದಾಗ ಪಾದಗಳು ಗೆರೆಯಿಂದ ಒಂದು ಅಡಿ ಮುಂದೆ ಸರಿದಿದ್ದರೆ, ನೇರವಾಗಿ ಮೇಲಕ್ಕೆ ಹಾರುವ ಬದಲು ಮುಂದಕ್ಕೆ ವಾಲುತ್ತಿದ್ದೇನೆಂದು ಗೊತ್ತಾಗುತ್ತಿತ್ತು.

ಇನ್ನು ಅವಧಿಗಳ ವಿಚಾರ. ವಾರಕ್ಕೆ ಮೂರೇ ದಿನ, ಎರಡು ದಿನಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ಮೊದಲ ಎರಡು ವಾರ 20 ಸೆಕೆಂಡ್ ಹಾರಾಟ, 40 ಸೆಕೆಂಡ್ ನಡಿಗೆ, ಹೀಗೆ ಎಂಟು ಸುತ್ತು. ಒಂದು ಸುತ್ತಿಗೆ 40 ಇಳಿತವೆಂದರೆ ದಿನಕ್ಕೆ 320, ವಾರಕ್ಕೆ 960. ಹಿಂದೆ ಒಂದೇ ದಿನದಲ್ಲಿ ಹಾಕುತ್ತಿದ್ದ ಹೊರೆ ಈಗ ವಾರಕ್ಕೆ ಹಂಚಿಹೋಗಿತ್ತು. ಮೂರು ಮತ್ತು ನಾಲ್ಕನೆಯ ವಾರ ಸುತ್ತುಗಳನ್ನು ಹತ್ತಕ್ಕೆ ಏರಿಸಿದೆ, ವಾರಕ್ಕೆ 1200. ಐದನೆಯ ವಾರ 30 ಸೆಕೆಂಡ್ ಹಾರಾಟ, 30 ಸೆಕೆಂಡ್ ನಡಿಗೆಗೆ ಬದಲಾಯಿಸಿದಾಗ ಸುತ್ತುಗಳನ್ನು ಮತ್ತೆ ಎಂಟಕ್ಕೆ ಇಳಿಸಿದೆ. ಅದರಿಂದ ವಾರದ ಮೊತ್ತ 1440 ಆಯಿತು. ಸುತ್ತಿನ ಅವಧಿ ಮತ್ತು ಸುತ್ತುಗಳ ಸಂಖ್ಯೆ ಎರಡನ್ನೂ ಒಟ್ಟಿಗೆ ಏರಿಸಬಾರದೆಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಒಂದೇ ಸುತ್ತಿನಲ್ಲಿ ಮೂರು ಸಲ ತೊಡರಿದರೆ ಅಥವಾ ಇಳಿತದ ಸದ್ದು ತಟತಟ ಎನ್ನುವುದನ್ನು ಬಿಟ್ಟು ಧಪ್ ಎಂದು ಕೇಳಿಸತೊಡಗಿದರೆ, ಎಷ್ಟೇ ಸುತ್ತು ಬಾಕಿಯಿರಲಿ, ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯುತ್ತಿತ್ತು. ಆರಂಭದ ವಾರಗಳಲ್ಲಿ ಉಸಿರು ಇನ್ನೂ ಬೇಕು ಎನ್ನುತ್ತದೆ. ಉಳಿದ ಆ ಹುಮ್ಮಸ್ಸಿಗೆ ವೇಗದ ನಡಿಗೆಯೋ ಸೈಕಲ್ಲೋ ಸಾಕು.

ಮರುದಿನದ ಬೆಳಿಗ್ಗೆಯೇ ನನ್ನ ಪರೀಕ್ಷೆಯ ಹೊತ್ತು. ಹಾಸಿಗೆಯಿಂದ ಇಳಿದು ಇಡುವ ಮೊದಲ ಹತ್ತು ಹೆಜ್ಜೆಗಳನ್ನು ಗಮನಿಸುತ್ತೇನೆ, ಆಮೇಲೆ ಮೂಳೆಯ ಒಳ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಎರಡೂ ಮೀನಖಂಡಗಳು ಸಮನಾಗಿ ಬಿಗಿದುಕೊಂಡಿದ್ದು, ಓಡಾಡಿದಂತೆ ಸಡಿಲವಾಗುತ್ತ ಎರಡು ಮೂರು ದಿನಗಳಲ್ಲಿ ಹೋಗುವ ನೋವು ಹೊಸ ಕೆಲಸಕ್ಕೆ ಸ್ನಾಯು ಪಡುವ ಸಹಜ ನೋವು. ಮೂಳೆಯ ಅಂಚಿನ ನೋವು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನಲ್ಲಿ ಬೆಳಗಿನ ಬಿಗಿತ, ಒಂದೇ ಕಾಲಿಗೆ ಸೀಮಿತವಾದ ನೋವು ಇವು ಬೇರೆ ಜಾತಿಯವು. ಇವು ಕಂಡರೆ ಅಂದು ಹಾರಾಟವಿಲ್ಲ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ಹಾರುವಾಗ ಹಿಂದಿನಿಂದ ಯಾರೋ ಹೊಡೆದಂತಾಗಿ ಕಾಲೂರಲು ಆಗದಿದ್ದರೆ, ಮನೆಮದ್ದಿಗೆ ಕಾಯದೆ ವೈದ್ಯರ ಬಳಿ ಹೋಗಲೇಬೇಕು.

ಆರನೆಯ ವಾರದಲ್ಲಿ ಎಡಗಾಲಿನ ಅದೇ ಜಾಗ ಮತ್ತೆ ಸಣ್ಣಗೆ ನೋಯತೊಡಗಿತು. ಇಳಿತಗಳ ಸಂಖ್ಯೆ ಹೆಚ್ಚಿರಲಿಲ್ಲವಾದ್ದರಿಂದ ಕಾರಣ ಹುಡುಕಿದೆ. ಆ ವಾರ ನಾನು ಎರಡೂ ಪಾದ ಜೋಡಿಸಿ ಹಾರುವುದನ್ನು ಬಿಟ್ಟು, ಓಡುವಂತೆ ಎಡಬಲ ಪಾದಗಳನ್ನು ಬದಲಿಸುತ್ತ ಹಾರಲು ಕಲಿತಿದ್ದೆ, ಕಲಿತ ಸಂತೋಷದಲ್ಲಿ ಎಂಟೂ ಸುತ್ತು ಹಾಗೆಯೇ ಮಾಡಿದ್ದೆ. ಅದರಲ್ಲಿ ಪ್ರತಿ ಕಾಲಿನ ಪಾಲಿಗೆ ಬರುವ ಇಳಿತಗಳು ಅರ್ಧಕ್ಕೆ ಇಳಿಯುತ್ತವೆ ನಿಜ, ಆದರೆ ಪ್ರತಿ ಇಳಿತದಲ್ಲೂ ಇಡೀ ಮೈಯ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಐದು ದಿನ ಬಿಡುವು ಕೊಟ್ಟು, ನಾಲ್ಕನೆಯ ವಾರದ ಕ್ರಮಕ್ಕೆ ಹಿಂತಿರುಗಿ, ಪ್ರತಿ ದಿನದ ಎರಡು ಸುತ್ತುಗಳಲ್ಲಿ ಮಾತ್ರ ಪಾದ ಬದಲಿಸಿದೆ. ಹತ್ತು ದಿನಗಳಾದ ಮೇಲೆ ಅದನ್ನು ಮೂರು ಸುತ್ತಿಗೆ ಏರಿಸಿದೆ. ಈಗ 30 ಸೆಕೆಂಡಿನ ಹತ್ತು ಸುತ್ತು ಹಾರುತ್ತೇನೆ, ಅವುಗಳಲ್ಲಿ ನಾಲ್ಕು ಪಾದ ಬದಲಿಸುವವು; ಒತ್ತಿ ನೋಡಿದಾಗ ಎಡಗಾಲಿನ ಮೂಳೆಯಲ್ಲಿ ನೋವಿಲ್ಲ.