ಅಪ್ಪನ ಹಳೆ ಷೇರು ಮಾರಿದ್ದು, ತೆರಿಗೆ ಕಟ್ಟಿದ್ದು: ನನ್ನ ಅನುಭವ

ಕೊಂಡ ಚೀಟಿ ಇಲ್ಲದ ಹಳೆ ಷೇರು ಮಾರಿದರೆ ಬಂದ ದುಡ್ಡು ಪೂರ್ತಿ ಲಾಭವೆಂದೇ ಲೆಕ್ಕ, ಅಷ್ಟಕ್ಕೂ ತೆರಿಗೆ ಕಟ್ಟಬೇಕು ಎಂದು ನಮ್ಮ ಉಡುಪಿ ಕಡೆ ನಂಬಿದವರು ಬಹಳ ಜನ. ನನಗೆ ಭಾವ ಹೇಳಿದ್ದೂ ಅದೇ, ಚಿಕ್ಕಪ್ಪ ಹೇಳಿದ್ದೂ ಅದೇ. ಆಡಿಟರ ಆಫೀಸಿನಲ್ಲಿ ಕೂಡ, "ಕೊಂಡ ಬೆಲೆ ಸೊನ್ನೆ ಹಾಕಿ ಮುಗಿಸುವ, ಹಳೇ ಕಾಗದ ಹುಡುಕಿ ಎಂತ ಮಾಡುದು" ಎಂದರು. ನಾನು ಒಪ್ಪಲಿಲ್ಲ. ರಿಟರ್ನ್ ಹಾಕಿದೆ, ಇಲಾಖೆಯ ಇಂಟಿಮೇಷನ್ ಬಂತು, ಬಾಕಿ ಸೊನ್ನೆ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಐವತ್ತೆಂಟು ಸಾವಿರದಷ್ಟು ವ್ಯತ್ಯಾಸ. ಹಾಗಾಗಿ ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಡಿಮ್ಯಾಟ್, ಎಐಎಸ್, ಶೆಡ್ಯೂಲ್ 112ಎ ಎಂದರೆ ಏನೆಂದು ಗೊತ್ತಿದ್ದವರಿಗೆ ಇದು.

ಅಪ್ಪನ ಹತ್ತಿರ ಇದ್ದದ್ದು ಕರ್ನಾಟಕ ಬ್ಯಾಂಕಿನ ಷೇರು. ಈ ಜಿಲ್ಲೆಗಳಲ್ಲಿ ಪೆಟ್ಟಿಗೆ ತೆಗೆದರೆ ಊರಿನ ಬ್ಯಾಂಕುಗಳ ಸರ್ಟಿಫಿಕೇಟು ಸಿಗದ ಮನೆ ಕಡಿಮೆ. ಹಳೆಯ ಷೇರು ಸುಮಾರು 2000. 2016ರ ಕೊನೆಗೆ ಬ್ಯಾಂಕು ಎರಡಕ್ಕೆ ಒಂದರಂತೆ 70 ರೂಪಾಯಿಗೆ ರೈಟ್ಸ್ ಕೊಟ್ಟಾಗ ಅಪ್ಪ 1000 ತೆಗೆದುಕೊಂಡಿದ್ದರು. 2020ರ ಮಾರ್ಚಿನಲ್ಲಿ ಹತ್ತಕ್ಕೆ ಒಂದು ಬೋನಸ್ ಬಂತು, ಅದು 300. ಒಟ್ಟು 3300. ಅಪ್ಪ ತೀರಿಕೊಂಡ ಮೇಲೆ ನನ್ನ ಹೆಸರಿಗೆ ಬಂತು. 2024ರ ಆರಂಭದಲ್ಲಿ ಡಿಮ್ಯಾಟ್ ಆಯಿತು. ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಮಾಡಿನ ಕೆಲಸಕ್ಕೆಂದು ಎಲ್ಲವನ್ನೂ ಸುಮಾರು 230ರ ಲೆಕ್ಕದಲ್ಲಿ ಮಾರಿದೆ. ಕೈಗೆ ಬಂದದ್ದು 7,59,000 ರೂಪಾಯಿಯ ಆಸುಪಾಸು.

ಮೊದಲು ಎಲ್ಲರೂ ಹೇಳಿದ ದಾರಿಯಲ್ಲೇ ಹೋದೆ, ಅಂದರೆ ಕೊಂಡ ಚೀಟಿ ಹುಡುಕಿದೆ. ಮಂಗಳೂರಿನಲ್ಲೇ ಷೇರು ವಿನಿಮಯ ಕೇಂದ್ರ ಇದ್ದ ಕಾಲದ ಬ್ರೋಕರು. ಹಂಪನಕಟ್ಟೆಯ ಅವರ ಆಫೀಸು ಇದ್ದ ಜಾಗದಲ್ಲಿ ಈಗ ಬೇರೆಯೇ ಅಂಗಡಿ. ಮನೆಯಲ್ಲಿದ್ದ ಕಾಂಟ್ರಾಕ್ಟ್ ನೋಟುಗಳನ್ನು ಗೆದ್ದಲು ತಿಂದಿತ್ತು, ಉಳಿದದ್ದು ತೇವಕ್ಕೆ ಒಂದಕ್ಕೊಂದು ಅಂಟಿ ಬಿಡಿಸಲು ಬರುತ್ತಿರಲಿಲ್ಲ. ರಿಜಿಸ್ಟ್ರಾರಿಗೆ ಪತ್ರ ಬರೆದೆ. ಎಷ್ಟಕ್ಕೆ ಕೊಂಡದ್ದೆಂಬ ದಾಖಲೆ ಅವರಲ್ಲಿ ಇರುವುದಿಲ್ಲ, ಯಾವತ್ತು ಯಾರ ಹೆಸರಿಗೆ ಆಯಿತೆಂಬುದು ಮಾತ್ರ ಇರುತ್ತದೆ ಎಂದು ಉತ್ತರ ಬಂತು. ಓಡಾಟ, ನೋಟರಿ, ಸ್ಟಾಂಪು, ಅಪ್ಪನ ಹೆಸರಿನ ಇನಿಷಿಯಲ್ ಒಂದೊಂದು ಕಡೆ ಒಂದೊಂದು ರೀತಿ ಇದ್ದದ್ದಕ್ಕೆ ಅಫಿಡವಿಟ್ಟು ಎಂದು ಆರೇಳು ಸಾವಿರ ಹೋಯಿತು.

ಆದರೆ ರಿಜಿಸ್ಟ್ರಾರರ ಆ ಉತ್ತರದಲ್ಲೇ ನನಗೆ ಬೇಕಾದದ್ದು ಇತ್ತು. 2018ರ ಜನವರಿ 31ಕ್ಕೆ ಮೊದಲು ಕೈಯಲ್ಲಿದ್ದ ಲಿಸ್ಟೆಡ್ ಷೇರಿಗೆ ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆಯ ಅತಿ ಹೆಚ್ಚಿನ ಬೆಲೆಯನ್ನು ಹಿಡಿಯಲು ಕಾನೂನು ಬಿಡುತ್ತದೆ. ಆ ಬೆಲೆ ಮತ್ತು ಮಾರಿದ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ತೆಗೆದುಕೊಳ್ಳಬೇಕು. ನಿಜವಾಗಿ ಕೊಂಡ ಬೆಲೆ ಅದಕ್ಕಿಂತಲೂ ಜಾಸ್ತಿ ಇದ್ದರೆ ಮಾತ್ರ ಕೊಂಡ ಬೆಲೆ. ತೊಂಬತ್ತರ ದಶಕದಲ್ಲಿ ಅಪ್ಪ ಕೊಟ್ಟ ಬೆಲೆ ಹೇಗೂ ಅದಕ್ಕಿಂತ ಕಡಿಮೆ, ರೈಟ್ಸಿನ 70 ಕೂಡ ಕಡಿಮೆ. ಹಾಗಾದರೆ ಚೀಟಿಯಲ್ಲಿ ಎಷ್ಟು ಬರೆದಿತ್ತು ಎಂಬುದರಿಂದ ನನಗೆ ಆಗಬೇಕಾದದ್ದು ಏನೂ ಇಲ್ಲ. ಆ ತಾರೀಕಿಗೆ ಮೊದಲೇ ಷೇರು ಅಪ್ಪನ ಹೆಸರಲ್ಲಿತ್ತು ಎಂದು ತೋರಿಸಿದರೆ ಸಾಕು. ವಾರಸುದಾರಿಕೆಯಲ್ಲಿ ಬಂದ ಷೇರಿಗೆ ಅಪ್ಪನ ತಾರೀಕೇ ನನ್ನ ತಾರೀಕು, ಅಪ್ಪನ ಬೆಲೆಯೇ ನನ್ನ ಬೆಲೆ.

ತಾರೀಕಿಗೆ ಸಾಕ್ಷಿ ಸುಲಭದಲ್ಲಿ ಸಿಕ್ಕಿತು. ಡಿಮ್ಯಾಟಿಗೆ ಕೊಡುವ ಮೊದಲು ಸರ್ಟಿಫಿಕೇಟುಗಳ ಎರಡೂ ಬದಿಯ ಫೋಟೊ ತೆಗೆದಿಟ್ಟಿದ್ದೆ. ಹಿಂಬದಿಯಲ್ಲಿ ಹೆಸರು ಬದಲಾದ ತಾರೀಕು, ಫೋಲಿಯೊ ನಂಬರು, ಸಹಿ ಎಲ್ಲ ಉಂಟು. ಒಮ್ಮೆ ಕೊಟ್ಟ ಮೇಲೆ ಆ ಕಾಗದ ವಾಪಸು ಬರುವುದಿಲ್ಲ, ಆದ್ದರಿಂದ ಫೋಟೊ ಮೊದಲು, ಡಿಮ್ಯಾಟ್ ನಂತರ. ರೈಟ್ಸಿಗೆ ಅಪ್ಪನ ಪಾಸ್‌ಬುಕ್ಕಿನಲ್ಲಿ 70,000 ಕಳೆದ ಒಂದು ಸಾಲು ಸಿಕ್ಕಿತು. ಅದರ ಜೊತೆ ರಿಜಿಸ್ಟ್ರಾರರ ಪತ್ರ.

ಇನ್ನು ಆ ದಿನದ ಬೆಲೆ. ಇಲ್ಲಿ ಬಹಳ ಜನ ಜಾರುವ ಜಾಗ ಒಂದಿದೆ. ಮೊಬೈಲಿನ ಚಾರ್ಟ್ ತೆಗೆದು ಹಿಂದಿನ ಬೆಲೆ ನೋಡಿದರೆ ಅದು ಆಮೇಲೆ ಬಂದ ಬೋನಸ್ಸಿಗೆ ಸರಿಹೊಂದಿಸಿದ ಬೆಲೆ ಆಗಿರುವುದೇ ಹೆಚ್ಚು. ನಿಜವಾದ ಬೆಲೆ 150 ಎಂದಿಟ್ಟುಕೊಂಡರೆ, ಹತ್ತಕ್ಕೊಂದು ಬೋನಸ್ಸಿನ ಕಾರಣ ಚಾರ್ಟು 136 ಚಿಲ್ಲರೆ ತೋರಿಸುತ್ತದೆ. 3000 ಷೇರಿಗೆ ಲೆಕ್ಕ ಹಾಕಿದರೆ ವೆಚ್ಚದಲ್ಲಿ ನಲವತ್ತು ಸಾವಿರ, ತೆರಿಗೆಯಲ್ಲಿ ಐದು ಸಾವಿರ ಸುಮ್ಮನೆ ಹೋಗುತ್ತದೆ. ಬೋನಸ್ ಷೇರಿಗೆ ವೆಚ್ಚ ಸೊನ್ನೆ ಎಂದು ಇಲಾಖೆಯೇ ಬೇರೆಯಾಗಿ ಹಿಡಿಯುವಾಗ, ಮೂಲ ಷೇರಿನ ಬೆಲೆಯನ್ನೂ ಇಳಿಸಿದರೆ ಒಂದೇ ಬೋನಸ್ಸಿಗೆ ಎರಡು ಸಲ ಕಟ್ಟಿದಂತೆ. ಎಕ್ಸ್‌ಚೇಂಜಿನ ವೆಬ್‌ಸೈಟಿನಲ್ಲಿ ಆ ದಿನದ ಹಳೆ ದರಪಟ್ಟಿಯನ್ನೇ ಇಳಿಸಿಕೊಂಡು, ಅದರಲ್ಲಿ ಮುಕ್ತಾಯದ ಬೆಲೆ ಬಿಟ್ಟು ದಿನದ ಗರಿಷ್ಠ ಬೆಲೆ ನೋಡಬೇಕು. ಎರಡು ಕಡೆಯ ಬೆಲೆ ಭಾಗಿಸಿ ನೋಡಿ. ಉತ್ತರ 1.1 ಬಂದರೆ ಚಾರ್ಟಿನದ್ದು ಇಳಿಸಿದ ಬೆಲೆ.

ಲೆಕ್ಕ ಹೀಗಾಯಿತು, ಸುಲಭಕ್ಕೆ 150 ಎಂದೇ ಇಡುತ್ತೇನೆ. ಹಳೆಯ 2000 ಮತ್ತು ರೈಟ್ಸಿನ 1000, ಎರಡೂ 2018ಕ್ಕೆ ಮೊದಲಿನವು. ಮಾರಿದ್ದು 6,90,000, ವೆಚ್ಚ 4,50,000, ಲಾಭ 2,40,000. ಬೋನಸ್ 300 ಬಂದದ್ದು 2020ರಲ್ಲಿ, ಅದಕ್ಕೆ ಹಳೆ ಬೆಲೆಯ ಅನುಕೂಲ ಇಲ್ಲ. ಅದರ 69,000 ಪೂರ್ತಿ ಲಾಭ. ಒಟ್ಟು 3,09,000. ವರ್ಷವಾರು ವಿನಾಯಿತಿ 1,25,000 ಕಳೆದರೆ 1,84,000. 2024ರ ಜುಲೈ 23ರಿಂದ ದೀರ್ಘಾವಧಿಯ ದರ 12.5 ಶೇಕಡ, ಹಾಗಾಗಿ 23,000. ಸೆಸ್ ಸೇರಿ 23,920. ಭಾವ ಹೇಳಿದಂತೆ ಎಲ್ಲಕ್ಕೂ ಸೊನ್ನೆ ಹಾಕಿದ್ದರೆ 82,420.

ರಿಟರ್ನ್ ತುಂಬುವಾಗ ಎರಡು ಸಾಲು ಬೇರೆ ಬೇರೆ ಹಾಕಿದೆ. 2018ಕ್ಕೆ ಮೊದಲಿನದ್ದು ಒಂದು, ನಂತರದ್ದು ಒಂದು. ಒಟ್ಟಿಗೆ ಸೇರಿಸಿದರೆ ಹಳೆಯ ಬೆಲೆಯ ಕಾಲಂ ಬೋನಸ್ಸಿಗೂ ಅನ್ವಯಿಸಿ ಲೆಕ್ಕ ಕೆಡುತ್ತದೆ.

ತಲೆಬಿಸಿ ಆದದ್ದು ಎಐಎಸ್‌ನಲ್ಲಿ. ಡಿಮ್ಯಾಟ್ ಆಗಿ ವರ್ಷ ತುಂಬುವ ಮೊದಲೇ ಮಾರಿದ್ದರಿಂದ ಅಲ್ಲಿ ಇಡೀ ಮಾರಾಟ ಅಲ್ಪಾವಧಿ ಎಂದು ಬಿದ್ದಿತ್ತು, ಕೊಂಡ ಬೆಲೆಯ ಜಾಗದಲ್ಲಿ ಸೊನ್ನೆ. ಅಲ್ಪಾವಧಿಗೆ ದರ 20 ಶೇಕಡ, ಮೇಲಿನ ವಿನಾಯಿತಿಯೂ ಇಲ್ಲ. ಹಾಗೇ ಒಪ್ಪಿದ್ದರೆ ಒಂದೂವರೆ ಲಕ್ಷಕ್ಕೂ ಮೇಲೆ. ಬ್ರೋಕರರ ಲಾಭನಷ್ಟದ ಪಟ್ಟಿಯೂ ಅದೇ ಹೇಳುತ್ತಿತ್ತು, ಏಕೆಂದರೆ ಅವರ ಕಂಪ್ಯೂಟರಿಗೆ ಷೇರು ಹುಟ್ಟಿದ್ದೇ ಡಿಮ್ಯಾಟಿಗೆ ಬಂದ ದಿನ. ಕಾಗದದ ಷೇರು ಡಿಮ್ಯಾಟ್ ಆದ ದಿನ ಕೊಂಡ ದಿನವಲ್ಲ, ಅವಧಿ ಎಣಿಸುವುದು ಮೂಲ ತಾರೀಕಿನಿಂದ. ಎಐಎಸ್‌ನಲ್ಲೇ ಮಾಹಿತಿ ಸರಿಯಿಲ್ಲ ಎಂದು ಪ್ರತಿಕ್ರಿಯೆ ಹಾಕಿ, ರಿಟರ್ನಿನಲ್ಲಿ ನನ್ನ ಲೆಕ್ಕ ಕೊಟ್ಟೆ. ಆಡಿಟರ ಆಫೀಸಿನವರು "ನೋಟಿಸ್ ಬಂದೇ ಬರ್ತದೆ" ಎಂದಿದ್ದರು. ವ್ಯತ್ಯಾಸ ಇದೆ ಎಂದು ಒಂದು ಸಂದೇಶ ಬಂತು, ಉತ್ತರ ಕೊಟ್ಟೆ, ಅಲ್ಲಿಗೆ ಮುಗಿಯಿತು.

ಈ ಎಲ್ಲದಕ್ಕೆ ಆಧಾರ ನನ್ನ ಲಾಟ್ ಪುಸ್ತಕ. ಒಂದೊಂದು ಸಲ ಬಂದ ಷೇರಿಗೆ ಒಂದೊಂದು ಸಾಲು. ತಾರೀಕು, ಬಂದ ದಾರಿ (ಖರೀದಿ, ರೈಟ್ಸ್, ಬೋನಸ್, ವಾರಸು), ಸಂಖ್ಯೆ, ಕೊಟ್ಟ ದುಡ್ಡು, ಸಾಕ್ಷಿ ಕಾಗದದ ನಂಬರು. ಬೆಲೆ ಒಂದೇ ಇದ್ದರೂ ಎರಡು ಸಾಲು ಕೂಡಿಸುವುದಿಲ್ಲ. ಸಾಕ್ಷಿ ಕಾಗದದ ಮೂಲೆಗೆ ಪೆನ್ಸಿಲಿನಲ್ಲಿ ಸಾಲಿನ ನಂಬರು. ಸ್ವಲ್ಪ ಸ್ವಲ್ಪ ಮಾರುವವರಿಗೆ ಇದು ಇನ್ನೂ ಬೇಕು, ಏಕೆಂದರೆ ಮೊದಲು ಬಂದದ್ದು ಮೊದಲು ಹೋಯಿತೆಂದೇ ಲೆಕ್ಕ, ಅದೂ ಒಂದೊಂದು ಡಿಮ್ಯಾಟ್ ಖಾತೆಗೆ ಬೇರೆ ಬೇರೆ. ಇದನ್ನು ನೋಡಿಕೊಂಡೇ ನಾನು ಎರಡು ಖಾತೆ ಇಟ್ಟಿದ್ದೇನೆ. ಯಾವುದು ಯಾವ ಖಾತೆಗೆ ಎಂಬುದು ನನ್ನಲ್ಲೇ ಇರಲಿ.

ಇದೇ ಪುಸ್ತಕವನ್ನು ಅಕ್ಕನ ಮಗನ ಕ್ರಿಪ್ಟೊಗೆ ಹಾಕಿ ನೋಡಿದೆ. ಅಲ್ಲಿನ ನಿಯಮ ಬಹಳ ಗಟ್ಟಿ. ಇಟ್ಟುಕೊಂಡ ಅವಧಿ ಎಷ್ಟಾದರೂ 30 ಶೇಕಡ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚೂ ಕಳೆಯುವಂತಿಲ್ಲ. ಒಂದು ಕಾಯಿನ್ನಿನಲ್ಲಿ 40,000 ಲಾಭ, ಇನ್ನೊಂದರಲ್ಲಿ 35,000 ನಷ್ಟ ಆಗಿತ್ತು. ಅವನು ಐದು ಸಾವಿರಕ್ಕೆ ತೆರಿಗೆ ಎಂದುಕೊಂಡಿದ್ದ, ಆದರೆ ನಷ್ಟವನ್ನು ಹೊಂದಿಸಲು ಬಿಡುವುದಿಲ್ಲವಾದ್ದರಿಂದ ಕಟ್ಟಿದ್ದು 12,480. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಮಾರಿದಂತೆಯೇ, ಆ ದಿನದ ರೂಪಾಯಿ ಬೆಲೆ ಬರೆದಿಡಬೇಕು. 2018ರ ಬೆಲೆಯಂಥ ಆಸರೆ ಇಲ್ಲಿ ಇಲ್ಲ, ಕೊಂಡ ದಾಖಲೆ ಹೋದರೆ ಪೂರ್ತಿ ಹೋಯಿತು. ಅವನು ಮೊದಲು ಕೊಂಡಿದ್ದ ಒಂದು ಎಕ್ಸ್‌ಚೇಂಜು ಬಾಗಿಲು ಹಾಕಿಕೊಂಡಿತ್ತು. ಇಮೇಲಿನಲ್ಲಿ ಬಂದ ಖರೀದಿ ಸಂದೇಶ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ ಅರ್ಧಕ್ಕಿಂತ ಹೆಚ್ಚು ಸಾಲು ತುಂಬಿಸಿದೆವು. ಈಗ ಪ್ರತಿ ತಿಂಗಳು ಫೈಲ್ ಇಳಿಸಿಕೊಳ್ಳುತ್ತಾನೆ. ವಿದೇಶಿ ಎಕ್ಸ್‌ಚೇಂಜಿನ ಫೈಲಿನಲ್ಲಿ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಗೆ ಮಾರಿದ್ದು ಮಾರ್ಚ್ 31 ಎಂದು ಬರೆದಿರುತ್ತದೆ, ಅಂದರೆ ಬೇರೆಯೇ ವರ್ಷಕ್ಕೆ ಹೋಗುತ್ತದೆ. ಅದನ್ನು ನಮ್ಮ ಸಮಯಕ್ಕೆ ತಂದೇ ಪುಸ್ತಕಕ್ಕೆ ಏರಿಸುವುದು.

ಈಗ ಚಿಕ್ಕಮ್ಮನ ಷೇರುಗಳ ಸರದಿ, ಹೇಳಿಸಿದ್ದು ಭಾವನೇ. ಅವರಿಗೆ ದುಡ್ಡಿನ ಅವಸರ ಇಲ್ಲ. ಹಾಗಾಗಿ ಅರ್ಧ ಮಾರ್ಚ್ ಕೊನೆಗೆ, ಅರ್ಧ ಏಪ್ರಿಲ್ ಮೊದಲ ವಾರಕ್ಕೆ ಮಾರಿ ಎಂದಿದ್ದೇನೆ, 1,25,000ದ ವಿನಾಯಿತಿ ಎರಡು ವರ್ಷಕ್ಕೂ ಸಿಗುತ್ತದೆ. ನನ್ನಷ್ಟೇ ಲಾಭ ಬಂದರೆ ಉಳಿಯುವುದು ಹದಿನಾರು ಸಾವಿರ ಚಿಲ್ಲರೆ. ದುಡ್ಡು ಖಾತೆಗೆ ಯಾವತ್ತು ಬಂತೆಂದು ನೋಡಬೇಕಾಗಿಲ್ಲ, ಕಾಂಟ್ರಾಕ್ಟ್ ನೋಟಿನ ತಾರೀಕು ಮಾರ್ಚಿನದ್ದಾಗಿದ್ದರೆ ಆಯಿತು.